ಜಿಮ್‌ಗೆ ಹಣ ಕಟ್ಟುವ ಮುನ್ನ: ತಿಂಗಳು, ಮೂರು ತಿಂಗಳು, ವರ್ಷ – ಸಲಕ್ಕೆ ಎಷ್ಟು ಬೀಳುತ್ತದೆ?

ಜಿಮ್‌ನ ದರಪಟ್ಟಿ ಕೈಗೆ ಬಂದೊಡನೆ ಬಹುತೇಕರು ಮಾಡುವುದು ಒಂದೇ ಲೆಕ್ಕ. ವರ್ಷದ ದರವನ್ನು ಹನ್ನೆರಡರಿಂದ ಭಾಗಿಸಿ, ತಿಂಗಳ ದರದ ಪಕ್ಕದಲ್ಲಿಟ್ಟು, ‘ಅರ್ಧಕ್ಕರ್ಧ ಉಳಿತಾಯ’ ಎಂದು ಮೊಬೈಲ್ ತೆಗೆದು ಹಣ ಕಳುಹಿಸುತ್ತಾರೆ. ಭಾಗಾಕಾರ ಸರಿಯಾಗಿಯೇ ಇರುತ್ತದೆ, ಭಾಜಕ ಮಾತ್ರ ತಪ್ಪು. ನೀವು ಕೊಳ್ಳುತ್ತಿರುವುದು ತಿಂಗಳುಗಳನ್ನಲ್ಲ, ಹೋಗಿಬರುವ ಸಲಗಳನ್ನು. ಆದ್ದರಿಂದ ಭಾಗಿಸಬೇಕಾದದ್ದು ನೀವು ನಿಜವಾಗಿ ಹೋಗುವ ಸಲಗಳಿಂದ.

ಇಲ್ಲಿ ಹಿಡಿದಿರುವ ಉದಾಹರಣೆ ನನ್ನ ಬಾಮೈದನದು. ಮನೆ ಮೈಸೂರಿನ ಕುವೆಂಪುನಗರದಲ್ಲಿ, ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ಜನವರಿ 1ರಂದು ಮನೆ ಹತ್ತಿರದ ಒಂದು ಜಿಮ್‌ಗೆ ವರ್ಷದ ಹಣ ಕಟ್ಟಿ ಬಂದವನು, ‘ಭಾವ, ದಿನಕ್ಕೆ ಬರೀ 26 ರೂಪಾಯಿ, ಒಂದು ಕಾಫಿಯ ದುಡ್ಡು’ ಎಂದ. ಆ ಜಿಮ್‌ನ ದರಪಟ್ಟಿ ಹೀಗಿತ್ತು:

- ಒಂದು ತಿಂಗಳು: 1,500 ರೂಪಾಯಿ
- ಮೂರು ತಿಂಗಳು: 3,600 ರೂಪಾಯಿ
- ಒಂದು ವರ್ಷ: 9,600 ರೂಪಾಯಿ
- ಪ್ರವೇಶ ಶುಲ್ಕ: 1,000 ರೂಪಾಯಿ, ವರ್ಷದ ಪ್ಲಾನ್‌ಗೆ ಮಾತ್ರ ಮನ್ನಾ

ನಿಮ್ಮ ಬಡಾವಣೆಯ ದರ ಬೇರೆ ಇರುತ್ತದೆ. ಲೆಕ್ಕದ ದಾರಿ ಬದಲಾಗುವುದಿಲ್ಲ. ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಮುಂದಿನ ಹನ್ನೆರಡು ತಿಂಗಳ ಒಂದು ಗೋಡೆ ಕ್ಯಾಲೆಂಡರ್, ಪೆನ್ನು, ಮೊಬೈಲ್‌ನ ಕ್ಯಾಲ್ಕುಲೇಟರ್. ಹಂತಗಳ ಕ್ರಮವನ್ನು ಮಾತ್ರ ತಪ್ಪಿಸಬೇಡಿ. ಮೊದಲು ಜಿಮ್‌ಗೆ ಹೋಗಿ ಆಮೇಲೆ ಲೆಕ್ಕಕ್ಕೆ ಕುಳಿತವರು, ಅಲ್ಲಿ ಒಪ್ಪಿಬಂದದ್ದಕ್ಕೆ ಕಾರಣ ಹುಡುಕುತ್ತಾರೆಯೇ ಹೊರತು ಲೆಕ್ಕ ಮಾಡುವುದಿಲ್ಲ.

## ಹಂತ 1: ಜಿಮ್‌ಗೆ ಕಾಲಿಡುವ ಮೊದಲು ನಿಮ್ಮ ಸಲಗಳನ್ನು ಎಣಿಸಿ

ಕ್ಯಾಲೆಂಡರ್ ಎದುರಿಗೆ ಇಟ್ಟುಕೊಂಡು, ಹೋಗಲು ಆಗದ ದಿನಗಳನ್ನು ಮೊದಲು ಹೊಡೆದುಹಾಕಿ. ಜಿಮ್‌ನ ವಾರದ ರಜೆ ಹೋಯಿತು. ಮೈಸೂರಿನವರಾದರೆ ದಸರಾದ ಹತ್ತು ದಿನಗಳಲ್ಲಿ ಸಂಜೆಯ ಹೊತ್ತನ್ನು ಬಿಟ್ಟುಬಿಡಿ. ದೀಪಾಲಂಕಾರ ನೋಡಲು ಬಂದ ನೆಂಟರು ಮನೆಯಲ್ಲಿ, ಅರಮನೆಯ ಸುತ್ತಿನ ರಸ್ತೆಗಳಲ್ಲಿ ಜನವೋ ಜನ. ಆಷಾಢ ಶುಕ್ರವಾರ ಬೆಳಿಗ್ಗೆ ಬೆಟ್ಟ ಹತ್ತುವ ಮನೆಯವರಾದರೆ ಆ ಬೆಳಗೂ ಇಲ್ಲ. ಏಪ್ರಿಲ್–ಮೇ ತಿಂಗಳ ಮದುವೆಗಳು, ಮಕ್ಕಳ ಪರೀಕ್ಷೆ, ಊರಿನ ಹಬ್ಬ, ಮಂಡ್ಯ ಕಡೆಯವರಿಗೆ ಕಬ್ಬು ಕಡಿಯುವ ವಾರಗಳು – ಇವೆಲ್ಲ ಪ್ರತಿ ವರ್ಷ ಬರುವಂಥವೇ. ಆದರೆ ಹಣ ಕಟ್ಟುವ ದಿನ ಇವು ಯಾರ ನೆನಪಿಗೂ ಬರುವುದಿಲ್ಲ.

ಉಳಿದ ದಿನಗಳಲ್ಲಿ ಎಷ್ಟು ದಿನ ಹೋಗುತ್ತೀರಿ ಎನ್ನುವುದನ್ನು ಉತ್ಸಾಹವನ್ನು ಕೇಳಿ ಬರೆಯಬೇಡಿ. ಎರಡು ವಾರ ಒಂದು ಚಿಕ್ಕ ಪರೀಕ್ಷೆ ಮಾಡಿ. ಜಿಮ್‌ಗೆ ಹೋಗಬೇಕೆಂದಿರುವ ಹೊತ್ತಿಗೆ ಮನೆಯಿಂದ ಹೊರಟು, ಆ ಜಿಮ್‌ನ ಬಾಗಿಲವರೆಗೆ ನಡೆದು ಅಥವಾ ಗಾಡಿಯಲ್ಲಿ ಹೋಗಿ ವಾಪಸ್ ಬನ್ನಿ. ಒಳಗೆ ಹೋಗುವುದು ಬೇಡ. ವಾರದ ರಜೆ ಬಿಟ್ಟು ಉಳಿದ ಹನ್ನೆರಡು ದಿನಗಳಲ್ಲಿ ಎಷ್ಟು ದಿನ ಬಾಗಿಲು ಮುಟ್ಟಿದಿರೋ, ಅದೇ ನಿಮ್ಮ ಮೊದಲ ತಿಂಗಳ ವೇಗ. ಏಳು ದಿನ ಮುಟ್ಟಿದರೆ ತಿಂಗಳಿಗೆ ಸುಮಾರು ಹದಿನೈದು ಸಲ ಎಂದು ಬರೆದುಕೊಳ್ಳಿ. ಈ ಪರೀಕ್ಷೆಯನ್ನು ಹೇಳಿದಾಗಲೆಲ್ಲ ನಗುವವರಿದ್ದಾರೆ. ಬೆಳಗಿನ ಐದೂವರೆಗೆ ಹೋಗುತ್ತೇನೆ ಎಂದವರಲ್ಲಿ ಎಷ್ಟು ಮಂದಿ ಏಳುವುದು ಆರೂವರೆಗೆ ಎಂಬುದು ಒಂದು ರೂಪಾಯಿಯೂ ಖರ್ಚಿಲ್ಲದೆ ಇಲ್ಲೇ ಗೊತ್ತಾಗುತ್ತದೆ.

ಮಂಡ್ಯದಿಂದ ರೈಲಿನಲ್ಲಿ ಮೈಸೂರಿಗೋ ಬೆಂಗಳೂರಿಗೋ ಹೋಗಿ ಕೆಲಸ ಮಾಡುವವರು ಈ ಪರೀಕ್ಷೆಯನ್ನು ಮನೆಯಿಂದಲ್ಲ, ರೈಲು ನಿಲ್ದಾಣದಿಂದ ಆರಂಭಿಸಬೇಕು. ಸಂಜೆ ರೈಲು ಇಳಿದವರು ಮನೆಗೆ ಹೋಗಿ, ಚಹಾ ಕುಡಿದು, ಮತ್ತೆ ಹೊರಡುವುದು ವಾರಕ್ಕೆ ಎರಡು ದಿನ ನಡೆದರೆ ಹೆಚ್ಚು. ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲೇ ಇರುವ ಜಿಮ್ ತಿಂಗಳಿಗೆ ಇನ್ನೂರು ರೂಪಾಯಿ ದುಬಾರಿಯಾದರೂ ಸಲಕ್ಕೆ ಅಗ್ಗವಾಗಿ ಬೀಳುವುದುಂಟು.

ಈಗ ಬರೆದ ಸಂಖ್ಯೆ ಮೊದಲ ತಿಂಗಳಿಗೆ ಮಾತ್ರ. ಅದನ್ನೇ ಹನ್ನೆರಡರಿಂದ ಗುಣಿಸಿದರೆ ಮತ್ತೆ ಹಳೆಯ ತಪ್ಪೇ. ಮೂರನೆಯ ತಿಂಗಳಿಗೆ ಅದರ ಅರ್ಧ, ಆರನೆಯ ತಿಂಗಳಿಗೆ ಕಾಲುಭಾಗ ಎಂದು ಹಿಡಿಯಿರಿ. ಇದು ನನ್ನ ಕೈಯಳತೆಯೇ ಹೊರತು ಶಾಸ್ತ್ರವಲ್ಲ. ಆದರೆ ನಾವು ನಮ್ಮ ಹಾಜರಿಯನ್ನು ಎಷ್ಟು ಉಬ್ಬಿಸಿ ಅಂದಾಜು ಮಾಡುತ್ತೇವೆ ಎಂಬುದಕ್ಕೆ ಒಂದು ಪ್ರಸಿದ್ಧ ಅಧ್ಯಯನವೇ ಇದೆ. ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅಮೆರಿಕದ ಮೂರು ಜಿಮ್‌ಗಳ ಏಳು ಸಾವಿರಕ್ಕೂ ಹೆಚ್ಚು ಸದಸ್ಯರ ಹಾಜರಿಯನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದರು. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕಟ್ಟುತ್ತಿದ್ದವರು ಹೋಗುತ್ತಿದ್ದದ್ದು ಸರಾಸರಿ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಸಲ. ಸಲಕ್ಕೆ 17 ಡಾಲರ್‌ಗಿಂತ ಹೆಚ್ಚು ಬೀಳುತ್ತಿತ್ತು. ಅದೇ ಜಿಮ್‌ಗಳಲ್ಲಿ ಹತ್ತು ಸಲದ ಪಾಸ್ ಕೊಂಡಿದ್ದರೆ ಸಲಕ್ಕೆ 10 ಡಾಲರ್ ಮಾತ್ರ.

## ಹಂತ 2: ನಿಮ್ಮ ಹೊತ್ತಿಗೇ ಹೋಗಿ, ಪೂರ್ತಿ ಮೊತ್ತವನ್ನು ಬರೆಸಿಕೊಳ್ಳಿ

ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿದರೆ ಎಲ್ಲ ಜಿಮ್‌ಗಳೂ ವಿಶಾಲವೇ. ಸಂಜೆ ಏಳಕ್ಕೆ ಹೋಗುವವರು ಸಂಜೆ ಏಳಕ್ಕೇ ಹೋಗಿ ನೋಡಬೇಕು. ಬೆಂಚ್‌ಗೆ ಎಷ್ಟು ಜನ ಕಾಯುತ್ತಿದ್ದಾರೆ, ಟ್ರೆಡ್‌ಮಿಲ್‌ಗಳಲ್ಲಿ ಎಷ್ಟು ಓಡುತ್ತಿವೆ, ಎಷ್ಟರ ಮೇಲೆ ಟವೆಲ್ ಹೊದಿಸಿದ್ದಾರೆ ಎಂದು ಎಣಿಸಿ. ಇಪ್ಪತ್ತು ನಿಮಿಷ ಕಾಯಬೇಕಾದ ಜಿಮ್‌ನಲ್ಲಿ ನೀವು ಹಂತ 1ರಲ್ಲಿ ಬರೆದ ಸಂಖ್ಯೆ ನಿಲ್ಲುವುದಿಲ್ಲ. ಅದನ್ನು ಅಲ್ಲೇ ಕಡಿಮೆ ಮಾಡಿಕೊಳ್ಳಿ.

ಅನಂತರ ದರ ಕೇಳಿ. ‘ವರ್ಷಕ್ಕೆ ಎಷ್ಟು’ ಎಂದು ಕೇಳಬೇಡಿ. ‘ನಾಳೆ ಬೆಳಿಗ್ಗೆ ಒಳಗೆ ಬರಬೇಕಾದರೆ ಇವತ್ತು ನನ್ನ ಕೈಯಿಂದ ಒಟ್ಟು ಎಷ್ಟು ಹೋಗುತ್ತದೆ’ ಎಂದು ಕೇಳಿ. ಈ ಎರಡು ಪ್ರಶ್ನೆಗಳ ಉತ್ತರದ ನಡುವೆ ಸಾವಿರ, ಎರಡು ಸಾವಿರದ ಅಂತರ ಸಿಗುವುದು ಸಾಮಾನ್ಯ. ಪ್ರವೇಶ ಶುಲ್ಕಕ್ಕೆ ಒಂದೊಂದು ಕಡೆ ಒಂದೊಂದು ಹೆಸರು: ಅಡ್ಮಿಷನ್, ನೋಂದಣಿ, ಕಾರ್ಡಿನ ಹಣ. ಹೆಸರು ಯಾವುದಾದರೇನು, ವಾಪಸ್ ಬಾರದ ಹಣವೆಲ್ಲ ಪ್ರವೇಶ ಶುಲ್ಕವೇ. ನಮ್ಮ ಕಡೆಯ ಅನೇಕ ಜಿಮ್‌ಗಳಲ್ಲಿ ಹಲಗೆಯ ಮೇಲೆ ಬರೆದಿರುವುದು ತೂಕ ಎತ್ತುವ ಭಾಗದ ದರ ಮಾತ್ರ. ಟ್ರೆಡ್‌ಮಿಲ್, ಸೈಕಲ್ ಬೇಕೆಂದರೆ ‘ಕಾರ್ಡಿಯೋ’ ಎಂದು ಬೇರೆ ಹಣ. ಮನೆಗೆ ಬಂದ ಮೇಲೆ ಇದು ಗೊತ್ತಾದವರು ಬಹಳ ಮಂದಿ. ನಿಮಗೆ ಬೇಕಿರುವುದು ಟ್ರೆಡ್‌ಮಿಲ್ ಒಂದೇ ಆದರೆ ಕುಕ್ಕರಹಳ್ಳಿ ಕೆರೆಯ ಏರಿಯನ್ನೂ ಒಂದು ಪ್ಲಾನ್ ಎಂದೇ ಪಟ್ಟಿಯಲ್ಲಿ ಸೇರಿಸಿ. ನಾನು ತಮಾಷೆ ಮಾಡುತ್ತಿಲ್ಲ.

ತೆರಿಗೆಯ ವಿಷಯಕ್ಕೆ ಎರಡು ಮಾತು ಸಾಕು. ಜಿಮ್ ಸೇವೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರ ಬದಲು ಶೇ 5 ಆಗಿದೆ. 9,600 ರೂಪಾಯಿಯ ಮೇಲೆ ಶೇ 5 ಎಂದರೆ 480, ಹಳೆಯ ದರದಲ್ಲಾದರೆ 1,728. ಹಳೆಯ ದರಪಟ್ಟಿಯನ್ನೇ ತೋರಿಸಿ ಶೇ 18 ಸೇರಿಸಿದರೆ ಕೇಳಿ. ಇನ್ನು ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಚಿಕ್ಕ ಜಿಮ್‌ಗಳು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತೆಯೂ ಇಲ್ಲ. ತೆರಿಗೆ ಕೇಳಿದರೆ ಬಿಲ್ಲಿನಲ್ಲಿ 15 ಅಕ್ಷರ–ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಕರ್ನಾಟಕದ್ದಾದರೆ ಅದು 29ರಿಂದ ಆರಂಭವಾಗುತ್ತದೆ. ಬಾಮೈದನ ಜಿಮ್ ಚಿಕ್ಕದು, ತೆರಿಗೆ ಇರಲಿಲ್ಲ. ಹಾಗಾಗಿ ಮುಂದಿನ ಲೆಕ್ಕದಲ್ಲಿಯೂ ಇಲ್ಲ.

## ಹಂತ 3: ಪ್ರವೇಶ ಶುಲ್ಕವನ್ನು ಒಳಗೆ ಸೇರಿಸಿ, ಹೊರಗೆ ಇಡಬೇಡಿ

ಪ್ರವೇಶ ಶುಲ್ಕ ಒಂದೇ ಸಲ ಕಟ್ಟುವಂಥದ್ದಲ್ಲವೇ ಎಂದು ಅನೇಕರು ಅದನ್ನು ಲೆಕ್ಕದಿಂದ ಬಿಡುತ್ತಾರೆ. ಬಿಟ್ಟರೆ ತಿಂಗಳ ಪ್ಲಾನ್ ಇರುವುದಕ್ಕಿಂತ ಅಗ್ಗವಾಗಿ ಕಾಣುತ್ತದೆ. ಮೊದಲ ತಿಂಗಳು 1,500 ಎಂದು ತೋರಿದರೂ ಕೈಬಿಡುವುದು 2,500. ಆ ತಿಂಗಳು ಹತ್ತು ಸಲ ಹೋದವರಿಗೆ ಸಲಕ್ಕೆ 250 ಬಿತ್ತು, 150 ಅಲ್ಲ.

ಈ ಶುಲ್ಕದ ನಿಜವಾದ ಕಚ್ಚುವಿಕೆ ಇರುವುದು ಬೇರೆ ಕಡೆ. ‘ಒಂದೇ ಸಲ’ ಎನ್ನುವುದು ಎಲ್ಲಿಯವರೆಗೆ ಎಂದು ಕೇಳಿ. ಬಾಮೈದನ ಜಿಮ್‌ನಲ್ಲಿ ಮೂವತ್ತು ದಿನಕ್ಕಿಂತ ಹೆಚ್ಚು ಕಾಲ ಹಣ ಕಟ್ಟದೆ ಬಿಟ್ಟರೆ ಮತ್ತೆ 1,000 ಕಟ್ಟಿಯೇ ಒಳಗೆ ಬರಬೇಕು. ಅಂದರೆ ಮೇ ತಿಂಗಳು ಊರಿಗೆ ಹೋಗುವ, ದಸರಾ ತಿಂಗಳು ಬಿಡುವ ಮನುಷ್ಯ ತಿಂಗಳ ಪ್ಲಾನ್‌ನಲ್ಲಿ ವರ್ಷಕ್ಕೆ ಮೂರು ಸಲ ಪ್ರವೇಶ ಶುಲ್ಕ ಕಟ್ಟಬೇಕಾಗಬಹುದು. ಬಿಟ್ಟುಬಿಟ್ಟು ಹೋಗುವವರಿಗೆ ತಿಂಗಳ ಪ್ಲಾನ್ ಅನುಕೂಲ ಎಂಬ ಮಾತು ಈ ಒಂದು ನಿಯಮದಿಂದ ಬಿದ್ದುಹೋಗುತ್ತದೆ. ಎಷ್ಟು ದಿನ ತಪ್ಪಿದರೆ ಶುಲ್ಕ ಮತ್ತೆ ಬರುತ್ತದೆ ಎಂಬುದನ್ನು ದರಪಟ್ಟಿಯ ಮೇಲೆಯೇ ಬರೆಸಿಕೊಳ್ಳಿ.

ಚೌಕಾಸಿ ಮಾಡುವುದಿದ್ದರೆ ಇಲ್ಲಿ ಮಾಡಿ. ತಿಂಗಳ ದರವನ್ನು ಇಳಿಸಲು ಮಾಲೀಕರಿಗೆ ಮನಸ್ಸಿರುವುದಿಲ್ಲ, ಒಬ್ಬರಿಗೆ ಇಳಿಸಿದರೆ ಉಳಿದವರೂ ಕೇಳುತ್ತಾರೆ. ಪ್ರವೇಶ ಶುಲ್ಕ ಹಾಗಲ್ಲ. ‘ಮೂರು ತಿಂಗಳದು ಈಗಲೇ ಕಟ್ಟುತ್ತೇನೆ, ಪ್ರವೇಶ ಶುಲ್ಕ ಬಿಡಿ’ ಎಂದರೆ ಒಪ್ಪುವವರು ಸಿಗುತ್ತಾರೆ. ಪೂರ್ತಿ ಬಿಡದಿದ್ದರೆ ‘ಮುಂದೆ ವರ್ಷದ್ದಕ್ಕೆ ಬದಲಾಯಿಸಿದರೆ ಅದರಲ್ಲಿ ಮುರಿದುಕೊಳ್ಳಿ’ ಎಂದು ಕೇಳಿ.

## ಹಂತ 4: ‘ಯಾವ ತಿಂಗಳಲ್ಲಿ ಬಿಡುತ್ತೇನೆ’ ಎಂಬ ಪಟ್ಟಿ ಬರೆಯಿರಿ

ಈ ಹಂತವನ್ನು ಮಾಡುವವರು ಕಡಿಮೆ. ಆದರೆ ಉತ್ತರ ಸಿಗುವುದು ಇಲ್ಲಿಯೇ. ಎಡಗಡೆ ನೀವು ಎಷ್ಟು ತಿಂಗಳು ಮುಂದುವರಿಯುತ್ತೀರಿ ಎಂದು ಬರೆಯಿರಿ. ಪಕ್ಕದಲ್ಲಿ ಒಂದೊಂದು ಪ್ಲಾನ್‌ನಲ್ಲಿ ಅಷ್ಟರೊಳಗೆ ಕೈಬಿಟ್ಟ ಒಟ್ಟು ಹಣ. ಮೂರು ತಿಂಗಳ ಪ್ಲಾನ್ ಮುಗಿದ ಮೇಲೆ ಒಂದೇ ತಿಂಗಳು ಬೇಕಾದರೆ ತಿಂಗಳ ದರವನ್ನು ಸೇರಿಸಿದ್ದೇನೆ.

| ಮುಂದುವರಿದ ತಿಂಗಳು | ತಿಂಗಳ ಪ್ಲಾನ್ | ಮೂರು ತಿಂಗಳ ಪ್ಲಾನ್ | ವರ್ಷದ ಪ್ಲಾನ್ |
|---|---|---|---|
| 1 | 2,500 | 4,600 | 9,600 |
| 2 | 4,000 | 4,600 | 9,600 |
| 3 | 5,500 | 4,600 | 9,600 |
| 4 | 7,000 | 6,100 | 9,600 |
| 6 | 10,000 | 8,200 | 9,600 |
| 7 | 11,500 | 9,700 | 9,600 |
| 12 | 19,000 | 15,400 | 9,600 |

ಮೇಲಿನಿಂದ ಕೆಳಗೆ ಓದಿ. ಎರಡು ತಿಂಗಳೊಳಗೆ ಬಿಡುವವರಿಗೆ ತಿಂಗಳ ಪ್ಲಾನ್ ಅಗ್ಗ. ಮೂರನೆಯ ತಿಂಗಳಿಂದ ಆರನೆಯದರವರೆಗೆ ಬಿಡುವವರಿಗೆ ಮೂರು ತಿಂಗಳದ್ದು. ವರ್ಷದ ಪ್ಲಾನ್ ಗೆಲ್ಲುವುದು ಏಳನೆಯ ತಿಂಗಳಲ್ಲಿ, ಅದೂ ನೂರು ರೂಪಾಯಿಯಿಂದ. ಹನ್ನೆರಡು ತಿಂಗಳೂ ಹೋಗುವವನಿಗೆ ಮಾತ್ರ ಅದು ನಿಜವಾದ ಲಾಭ: ಮೂರು ತಿಂಗಳ ಪ್ಲಾನ್‌ಗಿಂತ 5,800 ಉಳಿತಾಯ. ಮೂರು ತಿಂಗಳಿಗೇ ಬಿಟ್ಟವನಿಗೆ ಅದೇ ಪ್ಲಾನ್‌ನಲ್ಲಿ 5,000 ನಷ್ಟ. ವರ್ಷದ ಹಣ ಕಟ್ಟುವುದು ಎಂದರೆ ಹೆಚ್ಚುಕಡಿಮೆ ಐದು ಸಾವಿರದ ಪಂದ್ಯ ಕಟ್ಟಿದ ಹಾಗೆ, ಅದೂ ನಿಮ್ಮ ಮೇಲೆಯೇ.

ಆದ್ದರಿಂದ ದರಪಟ್ಟಿ ನೋಡಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಏಳನೆಯ ತಿಂಗಳಲ್ಲಿ ನಾನು ಹೋಗುತ್ತಿರುತ್ತೇನೆಯೇ? ಜನವರಿಯಲ್ಲಿ ಸೇರಿದವರಿಗೆ ಏಳನೆಯ ತಿಂಗಳು ಜುಲೈ. ಜುಲೈ ತಿಂಗಳ ಮಳೆಯ ಬೆಳಗನ್ನು ಕಣ್ಣಮುಂದೆ ತಂದುಕೊಂಡು ಉತ್ತರ ಕೊಡಿ. ನಿಮ್ಮ ಜಿಮ್‌ನ ದರ ಬೇರೆಯಾದರೆ ಈ ಏಳು ಎಂಬುದು ಐದೋ ಒಂಬತ್ತೋ ಆಗಬಹುದು, ಪಟ್ಟಿಯನ್ನು ನಿಮ್ಮ ಅಂಕಿಗಳಿಂದಲೇ ಬರೆಯಬೇಕು.

## ಹಂತ 5: ಸಲಕ್ಕೆ ಎಷ್ಟು ಬಿತ್ತು ಎಂದು ಭಾಗಿಸಿ

ಈಗ ಹಂತ 1ರ ಸಂಖ್ಯೆಗಳನ್ನು ತನ್ನಿ. ಮೊಬೈಲ್‌ನಲ್ಲಿ ಸ್ಪ್ರೆಡ್‌ಶೀಟ್ ಬಳಸುವವರು B2ರಲ್ಲಿ ಪ್ಲಾನ್ ದರ, B3ರಲ್ಲಿ ಪ್ರವೇಶ ಶುಲ್ಕ, B4ರಲ್ಲಿ ತೆರಿಗೆ (ಶೇ 5 ಆದರೆ 0.05, ಇಲ್ಲದಿದ್ದರೆ 0), B5ರಲ್ಲಿ ಆ ಪ್ಲಾನ್‌ನ ಅವಧಿಯಲ್ಲಿ ಹೋಗುವ ಒಟ್ಟು ಸಲಗಳನ್ನು ಬರೆದು ಇದನ್ನು ಹಾಕಿ:

```
=(B2+B3)*(1+B4)/B5
```

ಬಾಮೈದನ ವಿಷಯದಲ್ಲಿ ಅಂದಾಜು ಬೇಕಾಗಲಿಲ್ಲ, ವರ್ಷ ಮುಗಿದ ಮೇಲೆ ನಿಜವಾದ ಸಂಖ್ಯೆಯೇ ಸಿಕ್ಕಿತು. ಆ ಜಿಮ್‌ನಲ್ಲಿ ಬೆರಳಚ್ಚಿನ ಯಂತ್ರವಿಲ್ಲ. ಬಾಗಿಲ ಪಕ್ಕದ ಮೇಜಿನ ಮೇಲೆ ಉದ್ದನೆಯ ಹಾಜರಿ ಪುಸ್ತಕ, ದಾರ ಕಟ್ಟಿದ ಒಂದು ಪೆನ್ನು. ಮರುವರ್ಷದ ಜನವರಿಯಲ್ಲಿ ನವೀಕರಣಕ್ಕೆ ಕರೆ ಬಂದಾಗ ಇಬ್ಬರೂ ಹೋಗಿ ಆ ಪುಸ್ತಕ ತಿರುವಿ ಹಾಕಿದೆವು. ಸೇರಿದ ಜನವರಿಯ ಹಾಳೆಗಳಲ್ಲಿ ಅವನ ಹೆಸರು ಪೂರ್ತಿ, ತಂದೆಯ ಹೆಸರಿನ ಮೊದಲಕ್ಷರ ಸಮೇತ. ಮಾರ್ಚ್ ಹೊತ್ತಿಗೆ ಅದು ಎರಡಕ್ಷರದ ಸಹಿ. ಮೇ ತಿಂಗಳ ಹಾಳೆಗಳಲ್ಲಿ ಹುಡುಕಿಯೂ ಸಿಗಲಿಲ್ಲ.

ಎಣಿಸಿದ್ದು ಇಷ್ಟು: ಜನವರಿ 19, ಫೆಬ್ರುವರಿ 14, ಮಾರ್ಚ್ 9, ಏಪ್ರಿಲ್ 5, ಜೂನ್ 6, ಜುಲೈ 4, ಅಕ್ಟೋಬರ್ 3. ಉಳಿದ ಐದು ತಿಂಗಳು ಸೊನ್ನೆ. ಒಟ್ಟು 60 ಸಲ. 9,600ನ್ನು 60ರಿಂದ ಭಾಗಿಸಿದರೆ ಸಲಕ್ಕೆ 160 ರೂಪಾಯಿ. ಕಾಫಿಯ ದುಡ್ಡು ಆರು ಪಟ್ಟು ಆಗಿತ್ತು.

ಇಲ್ಲಿಗೆ ನಿಲ್ಲಿಸುವವರು ಅರ್ಧ ಮಾತ್ರ ನೋಡುತ್ತಾರೆ. ವರ್ಷವನ್ನು ಎರಡು ತುಂಡು ಮಾಡಿ ನೋಡಿ. ಮೊದಲ ಮೂರು ತಿಂಗಳಲ್ಲಿ ಅವನು ಹೋದದ್ದು 42 ಸಲ. ಅಷ್ಟಕ್ಕೆ ಮೂರು ತಿಂಗಳ ಪ್ಲಾನ್ ಸಾಕಿತ್ತು: ಪ್ರವೇಶ ಶುಲ್ಕ ಸೇರಿ 4,600, ಸಲಕ್ಕೆ ಸುಮಾರು 110. ವರ್ಷದ ಪ್ಲಾನ್‌ಗೆ ಅದರ ಮೇಲೆ ಕೊಟ್ಟ 5,000 ರೂಪಾಯಿಯಿಂದ ಉಳಿದ ಒಂಬತ್ತು ತಿಂಗಳಲ್ಲಿ ದಕ್ಕಿದ್ದು 18 ಸಲ. ಅಂದರೆ ಆ ಒಂದೊಂದು ಸಲಕ್ಕೂ 278 ರೂಪಾಯಿ. ಅದೇ ಜಿಮ್‌ನಲ್ಲಿ ಒಂದು ದಿನದ ಪಾಸ್ 150 ರೂಪಾಯಿಗೆ ಸಿಗುತ್ತಿತ್ತು. ಮೂರು ತಿಂಗಳ ಪ್ಲಾನ್, ಆಮೇಲೆ 18 ದಿನದ ಪಾಸ್ ಎಂದಿದ್ದರೆ ಒಟ್ಟು 7,300ರಲ್ಲಿ ಅಷ್ಟೇ 60 ಸಲ ಮುಗಿಯುತ್ತಿತ್ತು. ದಿನದ ಪಾಸ್ ಎಲ್ಲ ಜಿಮ್‌ಗಳಲ್ಲೂ ಇರುವುದಿಲ್ಲ, ಇದ್ದರೂ ಹಲಗೆಯ ಮೇಲೆ ಬರೆದಿರುವುದಿಲ್ಲ. ಕೇಳಬೇಕು.

ಇನ್ನೊಂದು ಕಡೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅದೇ ಪುಸ್ತಕದಲ್ಲಿ ಪ್ರತಿ ಹಾಳೆಯಲ್ಲೂ ಕಾಣುವ ಕೆಲವು ಸಹಿಗಳಿದ್ದವು. ಹನ್ನೊಂದು ತಿಂಗಳು, ತಿಂಗಳಿಗೆ 14 ಸಲ ಹೋಗುವವರು ಎಂದು ಹಿಡಿದರೆ 154 ಸಲ, ಸಲಕ್ಕೆ 62 ರೂಪಾಯಿ. ಅಂಥವರು ವರ್ಷದ್ದನ್ನೇ ತೆಗೆದುಕೊಳ್ಳಬೇಕು. ಅವರಿಗೆ ಇಷ್ಟು ಕಡಿಮೆ ಬೀಳುವುದು ನನ್ನ ಬಾಮೈದನಂಥವರ ಹಣದಿಂದ ಎಂಬುದು ಬೇರೆ ಮಾತು.

ಗಾಡಿಯಲ್ಲಿ ಹೋಗುವವರು ಸಲದ ಖರ್ಚಿಗೆ ಪೆಟ್ರೋಲ್ ಸೇರಿಸಬಹುದು. ಹೋಗಿಬರುವುದು ಆರು ಕಿಲೋಮೀಟರ್ ಆದರೆ ಹದಿಮೂರು, ಹದಿನಾಲ್ಕು ರೂಪಾಯಿ ಆಗುತ್ತದೆ. ಇದು ತೀರ್ಮಾನ ಬದಲಿಸುವಷ್ಟು ದೊಡ್ಡದಲ್ಲ.

## ಹಂತ 6: ತಡೆಹಿಡಿಯುವ ಷರತ್ತನ್ನು ದಿನಗಳಲ್ಲಿ ಅಳೆಯಿರಿ

ವರ್ಷದ ಪ್ಲಾನ್ ಮಾರುವಾಗ ಹೇಳುವ ಇನ್ನೊಂದು ಮಾತು ‘ಫ್ರೀಜ್ ಮಾಡಿಕೊಳ್ಳಬಹುದು’ ಎಂಬುದು. ಊರಿಗೆ ಹೋದಾಗ, ಹುಷಾರಿಲ್ಲದಾಗ ಪ್ಲಾನ್ ತಡೆಹಿಡಿದು, ಆ ದಿನಗಳನ್ನು ಕೊನೆಗೆ ಸೇರಿಸುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ಆದರೆ ವರ್ಷಕ್ಕೆ ಎಷ್ಟು ಸಲ, ಒಂದು ಸಲಕ್ಕೆ ಕನಿಷ್ಠ ಎಷ್ಟು ದಿನ, ಮೊದಲೇ ತಿಳಿಸಬೇಕೇ ಎಂಬ ಮೂರನ್ನೂ ಕೇಳಿ. ಕನಿಷ್ಠ ಹದಿನೈದು ದಿನ, ಮುಂಚಿತವಾಗಿ ಬರೆದುಕೊಡಬೇಕು ಎಂಬ ಷರತ್ತಿದ್ದರೆ ನಾಲ್ಕು ದಿನದ ಜ್ವರಕ್ಕೆ, ಒಂದು ವಾರದ ಮದುವೆಗೆ ಅದು ಬರುವುದಿಲ್ಲ. ಹಾಜರಿ ಕೆಡುವುದು ಸಾಮಾನ್ಯವಾಗಿ ಇಂಥ ಚಿಕ್ಕ ತುಂಡುಗಳಿಂದಲೇ.

ಇದಕ್ಕಿಂತ ಬೆಲೆಬಾಳುವುದು ವರ್ಗಾವಣೆಯ ಷರತ್ತು. ಉಳಿದ ತಿಂಗಳುಗಳನ್ನು ತಮ್ಮನಿಗೋ ಹೆಂಡತಿಗೋ ಬರೆದುಕೊಡಬಹುದೇ, ಅದಕ್ಕೆ ಮತ್ತೆ ಪ್ರವೇಶ ಶುಲ್ಕ ಬೇಕೇ ಎಂದು ಕೇಳಿ. ಬೇಡ ಎಂದರೆ ವರ್ಷದ ಪ್ಲಾನ್‌ನ ಅಪಾಯ ಅರ್ಧಕ್ಕೆ ಇಳಿದಂತೆ. ಮಂಡ್ಯದಿಂದ ಬೇರೆ ಊರಿಗೆ ಕೆಲಸ ಬದಲಾಗುವ ಸಾಧ್ಯತೆ ಇರುವವರು ಇದನ್ನು ಕೇಳದೆ ವರ್ಷದ ಹಣ ಕಟ್ಟಲೇಬಾರದು.

## ಹಂತ 7: ಹಣ ಕೊಡುವ ದಿನದ ಅಪಾಯ ಸೂಚನೆಗಳು

‘ಇವತ್ತೇ ಕೊನೆ’ ಎನ್ನುವ ರಿಯಾಯಿತಿ ಮುಂದಿನ ವಾರವೂ ಇರುತ್ತದೆ. ಅದು ಕಿರಿಕಿರಿ ಅಷ್ಟೇ, ಅಪಾಯವಲ್ಲ. ಅಪಾಯದ ಸೂಚನೆಗಳು ಬೇರೆ.

ಮೊದಲನೆಯದು, ಇನ್ನೂ ತೆರೆಯದ ಜಿಮ್. ಮಳಿಗೆಗೆ ಬಣ್ಣ ಬಳಿಯುತ್ತಿರುವಾಗಲೇ ಹೊರಗೆ ಮೇಜು ಹಾಕಿ, ವರ್ಷದ ಸದಸ್ಯತ್ವ ಅರ್ಧ ದರಕ್ಕೆ ಎಂದು ಹಣ ಕಟ್ಟಿಸಿಕೊಳ್ಳುತ್ತಾರೆ. ಯಂತ್ರಗಳು ಬರುವುದು ಅದೇ ಹಣದಿಂದ. ಸದಸ್ಯರು ಸಾಕಷ್ಟು ಸೇರದಿದ್ದರೆ ಯಂತ್ರವೂ ಇಲ್ಲ, ನಿಮ್ಮ ಹಣವೂ ಇಲ್ಲ. ಇಂಥ ಕಡೆ ಮೂರು ತಿಂಗಳಿಗಿಂತ ಹೆಚ್ಚು ಕಟ್ಟಬೇಡಿ, ಅದೂ ಬಾಗಿಲು ತೆರೆದ ಮೇಲೆ.

ಎರಡನೆಯದು, ನಡೆಯುತ್ತಿರುವ ಜಿಮ್ ಹಳೆಯ ಸದಸ್ಯರಿಗೆ ಎರಡು, ಮೂರು ವರ್ಷದ ಹಣವನ್ನು ಒಟ್ಟಿಗೆ ಕೇಳತೊಡಗುವುದು. ಜೊತೆಗೆ ಕೆಟ್ಟ ಯಂತ್ರ ತಿಂಗಳುಗಟ್ಟಲೆ ಹಾಗೆಯೇ ನಿಂತಿದ್ದರೆ, ತರಬೇತುದಾರರು ಒಬ್ಬೊಬ್ಬರಾಗಿ ಬಿಡುತ್ತಿದ್ದರೆ, ಬಾಡಿಗೆಗೆ ತೊಂದರೆಯಾಗಿದೆ ಎಂದು ಅರ್ಥ ಮಾಡಿಕೊಳ್ಳಿ. ಪಕ್ಕದ ಅಂಗಡಿಯವರನ್ನು ಕೇಳಿದರೆ ಕಟ್ಟಡದ ಮಾಲೀಕರ ಜೊತೆಗಿನ ಜಗಳದ ಸುದ್ದಿ ಐದು ನಿಮಿಷದಲ್ಲಿ ಸಿಗುತ್ತದೆ.

ಮೂರನೆಯದು, ರಸೀದಿ ಕೊಡದಿರುವುದು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಜಿಮ್ ಹೆಸರಿನ ಬದಲು ಯಾವುದೋ ವ್ಯಕ್ತಿಯ ಹೆಸರು ಬಂದರೆ, ರಸೀದಿಯಲ್ಲಿ ಆ ಪಾವತಿಯ ಸಂಖ್ಯೆ ಬರೆಸಿ. ರಸೀದಿಯಲ್ಲಿ ಪ್ಲಾನ್ ಆರಂಭವಾಗುವ ಮತ್ತು ಮುಗಿಯುವ ದಿನಾಂಕ, ಪ್ರವೇಶ ಶುಲ್ಕ ಬೇರೆಯಾಗಿ, ತಡೆಹಿಡಿಯುವ ದಿನಗಳು ಇರಬೇಕು. ಬಿಲ್ ಕೊಡದಿರುವುದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಜಿಮ್ ಮಧ್ಯದಲ್ಲೇ ಮುಚ್ಚಿದರೆ ಆ ಕಾಗದವೇ ನಿಮ್ಮ ಆಧಾರ. ಮೊದಲು ಮಾಲೀಕರಿಗೆ ಲಿಖಿತವಾಗಿ ಕೇಳಿ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ನೀವು ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದಾದ್ದರಿಂದ ಮೈಸೂರಿನ ಜಿಮ್ ಮೇಲಿನ ದೂರನ್ನು ಮಂಡ್ಯದವರು ಮಂಡ್ಯದಲ್ಲೇ ಸಲ್ಲಿಸಬಹುದು.

ಕಂತಿನಲ್ಲಿ ವರ್ಷದ ಹಣ ಕಟ್ಟಿ ಎಂದರೆ ಅದು ತಿಂಗಳ ಪ್ಲಾನ್ ಎಂದು ತಿಳಿಯಬೇಡಿ. ಸಾಲ ಕೊಟ್ಟವರು ಜಿಮ್‌ಗೆ ಪೂರ್ತಿ ಹಣ ಅಂದೇ ಕೊಟ್ಟಿರುತ್ತಾರೆ. ನೀವು ಹೋಗುವುದನ್ನು ನಿಲ್ಲಿಸಿದರೂ ಕಂತು ನಿಲ್ಲುವುದಿಲ್ಲ.

## ಹಂತ 8: ಸೇರಿದ ಮೇಲೆ ಗುರುತು ಹಾಕಿ, ನವೀಕರಣದ ದಿನ ಕೊನೆಯ ತಿಂಗಳನ್ನು ನೋಡಿ

ಹೋದ ದಿನವೆಲ್ಲ ಗೋಡೆಯ ಕ್ಯಾಲೆಂಡರ್ ಮೇಲೆ ಒಂದು ಗೀಟು ಎಳೆಯಿರಿ. ಹಾಲಿನ ಲೆಕ್ಕ ಬರೆಯುವ ಹಾಗೆಯೇ. ಪ್ಲಾನ್ ಮುಗಿಯುವ ಹತ್ತು ದಿನ ಮೊದಲು ಕುಳಿತು ಎಣಿಸಿ. ಹತ್ತು ದಿನ ಏಕೆಂದರೆ, ಅವಧಿ ಮುಗಿದ ಮೇಲೆ ಪ್ರವೇಶ ಶುಲ್ಕದ ಗಡುವು ಓಡತೊಡಗುತ್ತದೆ, ಆಗ ಅವಸರದಲ್ಲಿ ತಪ್ಪು ಪ್ಲಾನ್ ಕೊಳ್ಳುತ್ತೀರಿ.

ಎಣಿಸುವಾಗ ಮೂರು ತಿಂಗಳ ಸರಾಸರಿ ತೆಗೆಯಬೇಡಿ. ಬಾಮೈದನ ಮೊದಲ ಮೂರು ತಿಂಗಳ ಸರಾಸರಿ 14. ಅದನ್ನು ನಂಬಿದ್ದರೆ ಮತ್ತೊಂದು ಮೂರು ತಿಂಗಳಿಗೆ ಕಟ್ಟಬೇಕು ಎನಿಸುತ್ತಿತ್ತು. ಆದರೆ ಕೊನೆಯ ತಿಂಗಳಾದ ಮಾರ್ಚ್‌ನಲ್ಲಿದ್ದದ್ದು 9, ಅದೂ ಇಳಿಮುಖ. ಮುಂದಿನ ತಿಂಗಳು ಹೇಗಿರುತ್ತದೆ ಎಂಬುದಕ್ಕೆ ಹತ್ತಿರದ ಸಾಕ್ಷಿ ಕಳೆದ ತಿಂಗಳು. ಕೊನೆಯ ತಿಂಗಳು ಹನ್ನೆರಡಕ್ಕಿಂತ ಹೆಚ್ಚು ಗೀಟುಗಳಿದ್ದರೆ ದೀರ್ಘ ಪ್ಲಾನ್‌ನ ಮಾತು ಎತ್ತಿ, ಹತ್ತರಿಂದ ಹನ್ನೆರಡರವರೆಗೆ ಇದ್ದರೆ ತಿಂಗಳದ್ದು ಕಟ್ಟಿ ನೋಡಿ, ಹತ್ತಕ್ಕಿಂತ ಕಡಿಮೆ ಇದ್ದರೆ ದಿನದ ಪಾಸ್ ಕೇಳಿ.

ಪುಸ್ತಕ ತಿರುವಿದ ಆ ಜನವರಿಯ ಸಂಜೆ ಬಾಮೈದನಿಗೆ ನವೀಕರಣದ ದರ 8,400 ಎಂದು ಹೇಳಿದರು. ಅವನು ಹಾಜರಿ ಪುಸ್ತಕ ಮುಚ್ಚಿ, 150 ರೂಪಾಯಿ ಕೊಟ್ಟು ಅಂದಿನ ಒಂದು ದಿನದ ಪಾಸ್ ಬರೆಸಿಕೊಂಡು ಒಳಗೆ ಹೋದ. ನಾನು ಹೊರಗೆ ಬೆಂಚಿನ ಮೇಲೆ ಕಾದು ಕುಳಿತೆ.